ಪಗಾರ ಚೀಟಿಗೂ ಡೈರಿಗೂ ತಾಳೆ ಆಗದಿದ್ದಾಗ: ತಿಂಗಳ ಓಟಿ ಲೆಕ್ಕದ ದೋಷ ಹುಡುಕುವ ಕ್ರಮ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ತುಂಬಾ ಜನ ಇದ್ದಾರೆ. ಬಹಳಷ್ಟು ಮಂದಿಗೆ ಗಂಟೆ ಲೆಕ್ಕದ ಪಗಾರ. ತಿಂಗಳ ಮೊದಲ ವಾರ ಚೀಟಿ ಕೈಗೆ ಬಂದಾಗ ಶುರುವಾಗುವ ಜಗಳ ಹೆಚ್ಚುಕಡಿಮೆ ಒಂದೇ: "ನನ್ನ ಡೈರ್‍ಯಾಗ ಇಷ್ಟು ತಾಸು ಅದಾವ್ರಿ, ಚೀಟ್ಯಾಗ ಅಷ್ಟಿಲ್ಲ." ಆಫೀಸಿನವರು ಮಷೀನ್ ರಿಪೋರ್ಟ್ ತೋರಿಸುತ್ತಾರೆ. ಕೆಲಸಗಾರ ಡೈರಿ ತೋರಿಸುತ್ತಾನೆ. ಇಬ್ಬರೂ ಒಟ್ಟು ಮೊತ್ತ ಹಿಡಿದುಕೊಂಡು ವಾದ ಮಾಡುತ್ತಾರೆ. ಒಟ್ಟು ಮೊತ್ತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೋಡಬೇಕಾದದ್ದು ಎರಡರ ನಡುವಿನ ವ್ಯತ್ಯಾಸ. ಆ ವ್ಯತ್ಯಾಸವನ್ನು ಗಂಟೆಗೆ ಬದಲಿಸಿದರೆ, ತಪ್ಪು ಯಾವ ಜಾತಿಯದು ಅನ್ನುವುದು ಅರ್ಧ ತಿಳಿದಂತೆ.

ಒಂದೇ ಪ್ರಕರಣ ಹಿಡಿದು ಇದನ್ನು ಪೂರ್ತಿ ಬಿಡಿಸುತ್ತೇನೆ. 2025ರ ಆಗಸ್ಟ್ ತಿಂಗಳು. ಇಂಡಿ ಕಡೆಯ ಒಬ್ಬ ವೆಲ್ಡರ್, ಗಂಟೆಗೆ 90 ರೂಪಾಯಿ. ಭತ್ಯೆಯೂ ಅದರಲ್ಲೇ ಸೇರಿದೆ. ಬೆಳಿಗ್ಗೆ 8:30ರಿಂದ ಸಂಜೆ 5ರವರೆಗೆ ಪಾಳಿ, ಮಧ್ಯೆ ಊಟಕ್ಕೆ ಅರ್ಧ ಗಂಟೆ. ಅಂದರೆ ದಿನಕ್ಕೆ 8 ಗಂಟೆ. ಭೋಸರಿಯಲ್ಲಿ ಅನೇಕ ಕಡೆ ಇರುವಂತೆ ಇಲ್ಲಿಯೂ ವಾರದ ಸುಟ್ಟಿ ಗುರುವಾರ. ಆ ತಿಂಗಳು 15ನೇ ತಾರೀಕು ಸ್ವಾತಂತ್ರ್ಯ ದಿನ, 27ಕ್ಕೆ ಗಣೇಶ ಚೌತಿ. ಎರಡೂ ಕಂಪನಿಯ ಪಟ್ಟಿಯಲ್ಲಿ ಪಗಾರ ಸಹಿತ ರಜೆ. ಉಳಿದ 25 ದಿನವೂ ಆತ ಹಾಜರಿದ್ದಾನೆ. ಹಬ್ಬದ ಮುಂಚೆ ಆರ್ಡರ್ ಜಾಸ್ತಿ ಇದ್ದದ್ದರಿಂದ ಅಲ್ಲಲ್ಲಿ ಹೆಚ್ಚಿನ ಗಂಟೆ, ಒಂದು ರಾತ್ರಿ ಪಾಳಿ.

ಚೀಟಿಯಲ್ಲಿ ಒಟ್ಟು ಪಗಾರ 19,944 ರೂಪಾಯಿ. ಆತನ ಡೈರಿಯ ಪ್ರಕಾರ 21,690. ವ್ಯತ್ಯಾಸ 1,746.

ಮೊದಲು ಎರಡು ಬಾಗಿಲು ಮುಚ್ಚಿ

ಹೋಲಿಸುವುದು ಕಡಿತಕ್ಕೆ ಮುಂಚಿನ ಪಗಾರವನ್ನು, ಬ್ಯಾಂಕಿಗೆ ಬಿದ್ದ ಹಣವನ್ನಲ್ಲ. ಪಿಎಫ್, ಇಎಸ್‌ಐ, ಮಹಾರಾಷ್ಟ್ರದ ವೃತ್ತಿ ತೆರಿಗೆ ಕಳೆದು ಬಂದ ಮೊತ್ತವನ್ನು ಡೈರಿಯ ಲೆಕ್ಕದ ಪಕ್ಕ ಇಟ್ಟರೆ ಜಗಳ ಎಂದೂ ಮುಗಿಯುವುದಿಲ್ಲ. ಇಲ್ಲೊಂದು ಕೊಕ್ಕೆ ಇದೆ. 2025ರ ಆಗಸ್ಟ್ ತಿಂಗಳ ನಿಯಮದಲ್ಲಿ ಓವರ್‌ಟೈಮ್, ಅಂದರೆ ಓಟಿ ಹಣದ ಮೇಲೆ ಇಎಸ್‌ಐ ಕಡಿತ ಆಗುತ್ತಿತ್ತು, ಪಿಎಫ್ ಆಗುತ್ತಿರಲಿಲ್ಲ. ಹಾಗಾಗಿ ಓಟಿ ಏರಿಳಿದ ತಿಂಗಳು ಕಡಿತವೂ ಬೇರೆ ಬೇರೆ ಪ್ರಮಾಣದಲ್ಲಿ ಕುಣಿಯುತ್ತಿತ್ತು. ಕೈಗೆ ಬಂದ ಹಣದಿಂದ ಹಿಂದಕ್ಕೆ ಲೆಕ್ಕ ಹಾಕಲು ಹೋಗಬೇಡಿ.

ಎರಡನೆಯದು ಗುಣಕ, ಅಂದರೆ ಓಟಿ ಗಂಟೆಗೆ ಎಷ್ಟು ಪಟ್ಟು ಅನ್ನುವುದು. ಎಲ್ಲರೂ ಮೊದಲು ಅನುಮಾನ ಪಡುವುದು ಇದರ ಮೇಲೇ. ಆ ತಿಂಗಳು ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಮಿನ ಪ್ರಕಾರ ಓಟಿಗೆ ಸಾಮಾನ್ಯ ದರದ ಎರಡು ಪಟ್ಟು. ಸಾಮಾನ್ಯ ದರ ಅಂದರೆ ಮೂಲ ವೇತನ ಮತ್ತು ಭತ್ಯೆ ಎರಡೂ ಸೇರಿ. ಬೋನಸ್ ಸೇರುವುದಿಲ್ಲ. ಇದನ್ನು ಪರೀಕ್ಷಿಸಲು ಒಂದೇ ಭಾಗಾಕಾರ ಸಾಕು: ಚೀಟಿಯ ಓಟಿ ಹಣವನ್ನು ಚೀಟಿಯ ಓಟಿ ಗಂಟೆಯಿಂದ ಭಾಗಿಸಿ. ನಮ್ಮ ಚೀಟಿಯಲ್ಲಿ 3.8 ಗಂಟೆ ಓಟಿಗೆ 684 ರೂಪಾಯಿ ಇದೆ. ಭಾಗಿಸಿದರೆ 180. ಅಂದರೆ 90ರ ಎರಡು ಪಟ್ಟು. ಗುಣಕ ಸರಿ ಇದೆ, ಅದನ್ನು ಬಿಟ್ಟುಬಿಡಿ.

135 ಬಂದಿದ್ದರೆ ಯಾರೋ ಒಂದೂವರೆ ಪಟ್ಟು ಹಾಕಿದ್ದಾರೆ ಅಂತ. 90 ಬಂದರೆ ಎರಡು ಸಾಧ್ಯತೆ. ಒಂದೋ ಗುಣಕವನ್ನೇ ಹಾಕಿಲ್ಲ, ಅಥವಾ ಎಲ್ಲಾ ಗಂಟೆಗೂ ಒಂದು ಪಟ್ಟು ಕೊಟ್ಟು ಓಟಿ ಸಾಲಿನಲ್ಲಿ ಉಳಿದ ಒಂದು ಪಟ್ಟನ್ನು ಮಾತ್ರ ಬರೆದಿದ್ದಾರೆ. ಎರಡನೆಯದು ತಪ್ಪಲ್ಲ, ಬರೆಯುವ ರೀತಿ ಬೇರೆ ಅಷ್ಟೇ. ಸಾಮಾನ್ಯ ಗಂಟೆಗಳ ಸಾಲಿನಲ್ಲಿ ಓಟಿ ಗಂಟೆಯೂ ಸೇರಿದೆಯಾ ಅಂತ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಆ ಸಾಲಿನಲ್ಲಿ ಓಟಿ ಗಂಟೆ ಸೇರಿದ್ದು, ಓಟಿ ಸಾಲಿನಲ್ಲೂ 180 ಇದ್ದರೆ ಕಂಪನಿ ಮೂರು ಪಟ್ಟು ಕೊಡುತ್ತಿದೆ. ಅದನ್ನು ಯಾರೂ ದೂರಿ ಬರುವುದಿಲ್ಲ, ವರ್ಷದ ಕೊನೆಗೆ ಆಡಿಟ್‌ನಲ್ಲಿ ಸಿಗುತ್ತದೆ. ಇನ್ನು 180ಕ್ಕಿಂತ ಸ್ವಲ್ಪ ಕಡಿಮೆ ಒರಟು ಸಂಖ್ಯೆ ಬಂದರೆ, ಭತ್ಯೆ ಬಿಟ್ಟು ಬರೀ ಮೂಲ ವೇತನದ ಮೇಲೆ ಓಟಿ ಹಾಕಿರುತ್ತಾರೆ. ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನದ ವಿಶೇಷ ಭತ್ಯೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ, ಜನವರಿಗೆ ಒಮ್ಮೆ, ಜುಲೈಗೆ ಒಮ್ಮೆ. ಸಾಮಾನ್ಯ ದರದ ಸೆಲ್ ತಿದ್ದಿ ಓಟಿ ದರದ ಸೆಲ್ ಮರೆತರೆ ಜುಲೈನಿಂದ ಮುಂದಕ್ಕೆ ಇದೇ ಲಕ್ಷಣ ಕಾಣುತ್ತದೆ.

ವ್ಯತ್ಯಾಸವನ್ನು ಗಂಟೆ ಮಾಡಿ

ಈಗ 1,746ನ್ನು 90ರಿಂದ ಭಾಗಿಸಿ. 19.4 ಬರುತ್ತದೆ. ಇದನ್ನು "ಒಂದು ಪಟ್ಟಿನ ಗಂಟೆ" ಅಂದುಕೊಳ್ಳಿ. ಸಾಮಾನ್ಯ ಗಂಟೆ ಒಂದು ಬಿಟ್ಟುಹೋದರೆ ಇದರಲ್ಲಿ 1 ಕಾಣುತ್ತದೆ. ಓಟಿ ಗಂಟೆ ಪೂರ್ತಿ ಬಿಟ್ಟುಹೋದರೆ 2. ಓಟಿ ಗಂಟೆಯನ್ನು ಸಾಮಾನ್ಯ ಗಂಟೆ ಅಂತ ಎಣಿಸಿದ್ದರೆ 1.

ಈ 19.4ರಲ್ಲಿ ಕಣ್ಣಿಗೆ ಹೊಡೆಯಬೇಕಾದದ್ದು ಕೊನೆಯ .4. ಈ ವರ್ಕ್‌ಶಾಪ್‌ನಲ್ಲಿ ಅರ್ಧ ಗಂಟೆಗಿಂತ ಚಿಕ್ಕ ಲೆಕ್ಕವೇ ಇಲ್ಲ. ಎಲ್ಲಾ ಪಂಚಿಂಗ್ ಪಾಳಿಯ ಸಮಯಕ್ಕೆ ಸರಿಹೊಂದಿಸಿ ಅರ್ಧ ಗಂಟೆಯ ಮೆಟ್ಟಿಲಲ್ಲೇ ಬರೆಯುತ್ತಾರೆ. ಹಾಗಿದ್ದ ಮೇಲೆ ವ್ಯತ್ಯಾಸ .0 ಅಥವಾ .5ರಲ್ಲೇ ಮುಗಿಯಬೇಕು. .4 ಹೇಗೆ ಹುಟ್ಟಿತು? ಚೀಟಿಯ ಓಟಿಯೂ 3.8 ಗಂಟೆ ಅಂತಿದೆ. ಅರ್ಧರ್ಧ ಗಂಟೆ ಎಷ್ಟು ಕೂಡಿಸಿದರೂ 3.8 ಆಗುವುದಿಲ್ಲ, ಅಲ್ವಾ? ಗಂಟೆ-ನಿಮಿಷವನ್ನು ದಶಮಾಂಶ ಅಂತ ಓದಿದ ಗುರುತು ಇದು.

ಒಂಬತ್ತೂವರೆ ಗಂಟೆ 9.30 ಆದಾಗ

ಹಾಜರಿ ಮಷೀನ್‌ನ ರಿಪೋರ್ಟ್ ಒಂಬತ್ತೂವರೆ ಗಂಟೆಯನ್ನು 9.30 ಅಂತ ಚುಕ್ಕೆ ಹಾಕಿ ಅಚ್ಚು ಮಾಡುತ್ತದೆ. ಗುಮಾಸ್ತರು ಅದನ್ನು ನೋಡಿ ಶೀಟಿನಲ್ಲಿ ಹಾಗೇ 9.30 ಅಂತ ಹೊಡೆಯುತ್ತಾರೆ. ಶೀಟಿಗೆ ಅದು ಒಂಬತ್ತು ಗಂಟೆ ಹದಿನೆಂಟು ನಿಮಿಷ. ಪ್ರತಿ ಸಲ 0.2 ಗಂಟೆ, ಅಂದರೆ 12 ನಿಮಿಷ, ಮಾಯ.

ನಮ್ಮ ವೆಲ್ಡರ್ ಆಗಸ್ಟ್‌ನಲ್ಲಿ ಹಗಲು ಪಾಳಿಯಲ್ಲಿ ಒಂಬತ್ತೂವರೆ ಗಂಟೆ ದುಡಿದ ದಿನಗಳು ಆರು: 5, 8, 11, 13, 24, 25. ಆರು ಸಲ 0.2 ಅಂದರೆ 1.2 ಗಂಟೆ. ಹೋದದ್ದು ಓಟಿಯ ಗಂಟೆಯೇ ಆದ್ದರಿಂದ ಎರಡು ಪಟ್ಟು: 2.4. ಹಣದಲ್ಲಿ 216 ರೂಪಾಯಿ. 19.4ರಿಂದ 2.4 ಕಳೆದರೆ 17 ಉಳಿಯುತ್ತದೆ. ವಿಚಿತ್ರ ದಶಮಾಂಶ ಹೋಯಿತು. ಇದೊಂದು ದೋಷ ಪೂರ್ತಿ ಸಿಕ್ಕಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಿದ್ದಲು ಸೂತ್ರ ಸುಲಭ:

```
=INT(E2)+ROUND((E2-INT(E2))*100,0)/60
```

ಆದರೆ ಇದನ್ನು ಕಣ್ಣು ಮುಚ್ಚಿ ಇಡೀ ಕಾಲಮ್‌ಗೆ ಎಳೆಯಬೇಡಿ. ಕೆಲವು ಸಾಲುಗಳು ಮೊದಲೇ ಸರಿಯಾದ ದಶಮಾಂಶದಲ್ಲಿದ್ದರೆ, ಎಂಟೂ ಮುಕ್ಕಾಲು ಗಂಟೆಯ 8.75 ಈ ಸೂತ್ರದಲ್ಲಿ 9.25 ಆಗಿಬಿಡುತ್ತದೆ. ಕಾಲಮ್ ಯಾವ ರೀತಿಯದು ಅಂತ ತಿಳಿಯಲು ಚುಕ್ಕೆಯ ನಂತರದ ಅಂಕಿಗಳನ್ನು ಮಾತ್ರ ನೋಡುತ್ತಾ ಕೆಳಗಿಳಿಯಿರಿ. ಇಡೀ ತಿಂಗಳು, ಎಲ್ಲಾ ಕೆಲಸಗಾರರದ್ದು ನೋಡಿದರೂ .59 ದಾಟಿಲ್ಲ ಅಂದರೆ ಅದು ಗಂಟೆ-ನಿಮಿಷ. .75, .80 ತರಹದ್ದು ಸಿಕ್ಕರೆ ದಶಮಾಂಶ. ಇಲ್ಲಿಯಂತೆ ಅರ್ಧ ಗಂಟೆಯ ಮೆಟ್ಟಿಲಷ್ಟೇ ಇರುವ ಕಡೆ .30 ಇದ್ದರೆ ಗಂಟೆ-ನಿಮಿಷ, .50 ಇದ್ದರೆ ದಶಮಾಂಶ. ಎರಡೂ ಬೆರೆತಿದ್ದರೆ ಇಬ್ಬರು ಟೈಪ್ ಮಾಡಿದ್ದಾರೆ ಅಂತ ಅರ್ಥ. ಆಗ ಮೂಲ ಪಂಚಿಂಗ್ ಸಮಯದಿಂದಲೇ ಹೊಸದಾಗಿ ಲೆಕ್ಕ ತೆಗೆಯಬೇಕು, ಬೇರೆ ದಾರಿ ಇಲ್ಲ.

ಇದರ ಅಣ್ಣತಮ್ಮ ಇನ್ನೊಂದಿದೆ. ಸಮಯದ ರೂಪದಲ್ಲೇ, ಅಂದರೆ 9:30 ಅಂತ, ಬರೆದ ಶೀಟಿನಲ್ಲಿ ತಿಂಗಳ ಒಟ್ಟು ಕೂಡಿಸಿದಾಗ 24 ಗಂಟೆ ತುಂಬಿದಂತೆಲ್ಲ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 212 ಗಂಟೆ 30 ನಿಮಿಷ ದುಡಿದವನಿಗೆ 20:30 ಅಂತ ತೋರಿಸುತ್ತದೆ. ಸೆಲ್‌ನ ರೂಪವನ್ನು `h:mm` ಬದಲು `[h]:mm` ಮಾಡಿದರೆ ಕಾಣುವುದು ಸರಿಯಾಗುತ್ತದೆ. ಹಣ ಸರಿಯಾಗಲು ಅದೂ ಸಾಲದು. ಶೀಟ್ ಒಳಗೆ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಂಡಿರುತ್ತದೆ. ಹಾಗಾಗಿ ದರದಿಂದ ಗುಣಿಸುವ ಮುಂಚೆ 24ರಿಂದ ಗುಣಿಸಬೇಕು. ಮರೆತರೆ ಇಡೀ ತಿಂಗಳ ಪಗಾರ 797 ರೂಪಾಯಿ ಅಂತ ಬರುತ್ತದೆ. ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ, ಅದಕ್ಕೇ ಅದು ಅಪಾಯಕಾರಿ ಅಲ್ಲ. 12 ನಿಮಿಷದ ತಪ್ಪು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ನಡೆಯುತ್ತದೆ.

ಒಂದು ರಾತ್ರಿ ಪೂರ್ತಿ ಕಾಣೆ

ಉಳಿದ 17ಕ್ಕೆ ಈಗ ಮಷೀನ್ ರಿಪೋರ್ಟ್ ತೆರೆಯಬೇಕು. ಚೀಟಿಯಲ್ಲಿ ಒಟ್ಟು ದುಡಿದ ಗಂಟೆ 201.8. ಅದಕ್ಕೆ ಕಳೆದುಹೋದ 1.2 ಸೇರಿಸಿದರೆ 203. ಡೈರಿಯಲ್ಲಿ 212.5. ವ್ಯತ್ಯಾಸ ಒಂಬತ್ತೂವರೆ ಗಂಟೆ, ಅಂದರೆ ಒಂದು ಪಾಳಿಯ ಅಳತೆ. ಇಷ್ಟು ದೊಡ್ಡ ತುಂಡು ಕಾಣೆಯಾದಾಗ ಇಡೀ ತಿಂಗಳ ಸಾಲು ತಿರುವಿ ಹಾಕಬೇಕಿಲ್ಲ. ಸುಮ್ನೆ ರಾತ್ರಿ ಪಾಳಿ ಇದ್ದ ದಿನಕ್ಕೆ ಹೋಗಿ. ಅಲ್ಲಿ ಇದ್ದದ್ದು ಹೀಗೆ:

```
20-08-2025   IN 19:56   OUT --:--   MIS
21-08-2025   IN 06:03   OUT --:--   MIS
```

ಬುಧವಾರ ರಾತ್ರಿ 8ಕ್ಕೆ ಪಾಳಿ ಶುರು, ಗುರುವಾರ ಬೆಳಿಗ್ಗೆ 6ಕ್ಕೆ ಮುಗಿತಾಯ. ಮಧ್ಯೆ ಅರ್ಧ ಗಂಟೆ ವಿರಾಮ, ಒಟ್ಟು ಒಂಬತ್ತೂವರೆ ಗಂಟೆ. ಮಷೀನ್‌ಗೆ ದಿನ ಅಂದರೆ ನಡುರಾತ್ರಿಯಿಂದ ನಡುರಾತ್ರಿ. ಅದಕ್ಕೆ ಬುಧವಾರ ಒಳಗೆ ಬಂದವನು ಹೊರಗೆ ಹೋಗಲೇ ಇಲ್ಲ. ಗುರುವಾರ ಹೊರಗೆ ಹೋಗಲು ಒತ್ತಿದ ಬೆರಳನ್ನು ಹೊಸದಾಗಿ ಒಳಗೆ ಬಂದ ಹಾಗೆ ಬರೆದುಕೊಂಡಿತು. ಎರಡೂ ದಿನ ಜೋಡಿ ಸಿಗದೆ `MIS` ಅನ್ನುವ ಗುರುತು ಬಿದ್ದು ಗಂಟೆ ಸೊನ್ನೆ. ಗುರುವಾರ ಸುಟ್ಟಿ ಆದ್ದರಿಂದ ಆ ಸಾಲನ್ನು ಯಾರೂ ನೋಡಲಿಲ್ಲ.

ಸಾಫ್ಟ್‌ವೇರ್‌ನಲ್ಲಿ ಆ ಕೆಲಸಗಾರನಿಗೆ ಆ ದಿನ ರಾತ್ರಿ ಪಾಳಿ ಹಚ್ಚಿಲ್ಲದಿದ್ದರೆ ಹೀಗೇ ಆಗುತ್ತದೆ. ಕೆಲವು ಶೀಟುಗಳಲ್ಲಿ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. 6ರಿಂದ 20 ಕಳೆದು ಋಣ 14 ಗಂಟೆ. ಅದನ್ನು ಅಡಗಿಸಲು ಯಾರೋ "ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ" ಅಂತ ಸೂತ್ರ ಹಾಕಿರುತ್ತಾರೆ. ಅದು ತಪ್ಪನ್ನು ತಿದ್ದಲಿಲ್ಲ, ಮುಚ್ಚಿತು. ಸರಿಯಾದದ್ದು ಇದು. `B` ಒಳಬಂದ ಸಮಯ, `C` ಹೊರಹೋದ ಸಮಯ, `D` ವಿರಾಮದ ಗಂಟೆ:

```
=MOD(C2-B2,1)*24-D2
```

ಕೆಲವರು ಈ ಪಾಳಿಯನ್ನು ನಡುರಾತ್ರಿಗೆ ಕತ್ತರಿಸಿ ಬುಧವಾರಕ್ಕೆ ನಾಲ್ಕು ಗಂಟೆ, ಗುರುವಾರಕ್ಕೆ ಉಳಿದದ್ದು ಅಂತ ಹಂಚುತ್ತಾರೆ. ನೋಡಲು ನ್ಯಾಯ ಅನ್ನಿಸುತ್ತದೆ. ಆದರೆ ಹಾಗೆ ಮಾಡಿದರೆ ಯಾವ ದಿನವೂ 9 ಗಂಟೆ ದಾಟುವುದಿಲ್ಲ, ದಿನದ ಓಟಿ ಕರಗಿಹೋಗುತ್ತದೆ. ಕಾರ್ಖಾನೆ ಕಾಯ್ದೆಯ 57ನೇ ಕಲಮು ಇದಕ್ಕೇ ಇತ್ತು. ನಡುರಾತ್ರಿ ದಾಟಿದ ಪಾಳಿಯಲ್ಲಿ, ನಡುರಾತ್ರಿಯ ನಂತರದ ಗಂಟೆಗಳನ್ನೂ ಹಿಂದಿನ ದಿನಕ್ಕೇ ಎಣಿಸಬೇಕು. ವಾರದ ರಜೆಯ 24 ಗಂಟೆಯೂ ಪಾಳಿ ಮುಗಿದ ಮೇಲೆ ಶುರು. ಹಾಗಾಗಿ ನಮ್ಮ ಒಂಬತ್ತೂವರೆ ಗಂಟೆ ಪೂರ್ತಿ ಬುಧವಾರ 20ರ ಲೆಕ್ಕಕ್ಕೆ. ಗುರುವಾರ ಬೆಳಿಗ್ಗೆ 6ರಿಂದ ಆತನ ಸುಟ್ಟಿ.

ಈ ರಾತ್ರಿ ಸೇರಿದರೆ ಆ ವಾರದ ಒಟ್ಟು 49.5 ಗಂಟೆ. ಮುಂದೆ ನೋಡುವಂತೆ ಅದರಲ್ಲಿ ಒಂದೂವರೆ ಗಂಟೆ ಓಟಿ. ಆದ್ದರಿಂದ ಈ ದೋಷದ ತೂಕ 9.5 ಜೊತೆಗೆ 1.5, ಒಟ್ಟು 11. ಹಣದಲ್ಲಿ 990 ರೂಪಾಯಿ. 17ರಲ್ಲಿ 11 ಹೋದರೆ 6 ಉಳಿಯಿತು.

ಒಂದನೇ ತಾರೀಕಿಗೆ ಕತ್ತರಿಸಿದ ವಾರ

ದುಡಿದ ಗಂಟೆಗಳೆಲ್ಲ ಈಗ ತಾಳೆಯಾಗಿವೆ, 212.5ಕ್ಕೆ 212.5. ಅಂದರೆ ಉಳಿದ 6 ಗಂಟೆ ಕಾಣೆಯಾದದ್ದಲ್ಲ. ಓಟಿ ಯಾವುದು, ಸಾಮಾನ್ಯ ಯಾವುದು ಅನ್ನುವ ವಿಂಗಡಣೆಯಲ್ಲಿ ಜಗಳ ಇದೆ. ಇಲ್ಲಿ ನಿಧಾನಕ್ಕೆ ಹೋಗಬೇಕು.

ಆ ಕಾಯ್ದೆಯ ಪ್ರಕಾರ ಓಟಿ ಹುಟ್ಟುತ್ತಿದ್ದದ್ದು ಎರಡು ರೀತಿ: ದಿನದಲ್ಲಿ 9 ಗಂಟೆ ದಾಟಿದರೆ, ಇಲ್ಲವೇ ವಾರದಲ್ಲಿ 48 ಗಂಟೆ ದಾಟಿದರೆ. ಒಂದೇ ಗಂಟೆಯನ್ನು ಎರಡೂ ಕಡೆ ಎಣಿಸುವಂತಿಲ್ಲ. ವಾರಕ್ಕೆ ಎರಡು ಸಂಖ್ಯೆ ತೆಗೆಯಿರಿ. ಪ್ರತಿ ದಿನ 9ರ ಮೇಲೆ ಆದದ್ದರ ಮೊತ್ತ ಒಂದು, ವಾರದ ಒಟ್ಟಿನಲ್ಲಿ 48 ಕಳೆದದ್ದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೋ ಅದೇ ಆ ವಾರದ ಓಟಿ. `E` ದಿನದ ಗಂಟೆ, `F` ದಿನದ 9ರ ಮೇಲಿನ ಗಂಟೆ ಆದರೆ:

```
=MAX(SUM(F2:F8),SUM(E2:E8)-48)
```

ವಾರ ಅಂದರೆ ಯಾವುದು? ಗುರುವಾರ ಸುಟ್ಟಿ ಇದ್ದ ಮಾತ್ರಕ್ಕೆ ಶುಕ್ರವಾರದಿಂದ ವಾರ ಶುರುವಾಗುವುದಿಲ್ಲ. ಮುಖ್ಯ ನಿರೀಕ್ಷಕರು ಬರಹದಲ್ಲಿ ಬೇರೆ ರಾತ್ರಿಗೆ ಒಪ್ಪಿಗೆ ಕೊಟ್ಟಿಲ್ಲದಿದ್ದರೆ, ಶನಿವಾರ ನಡುರಾತ್ರಿಯಿಂದ ಏಳು ದಿನ. ಅಂದರೆ ಭಾನುವಾರದಿಂದ ಶನಿವಾರ. ತಿಂಗಳಿಗೂ ವಾರಕ್ಕೂ ಸಂಬಂಧ ಇಲ್ಲ. 2025ರ ಆಗಸ್ಟ್ 1 ಬಂದದ್ದು ಶುಕ್ರವಾರ. ಆ ವಾರ ಶುರುವಾದದ್ದು ಜುಲೈ 27ಕ್ಕೆ. ನಮ್ಮ ವೆಲ್ಡರ್ ಆ ಭಾನುವಾರ, ಸೋಮವಾರ ಎಂಟೆಂಟು ಗಂಟೆ, ಮಂಗಳ, ಬುಧ, ಶುಕ್ರ, ಶನಿ ಒಂಬತ್ತೊಂಬತ್ತು ಗಂಟೆ ದುಡಿದಿದ್ದ. ಒಟ್ಟು 52. ಯಾವ ದಿನವೂ 9 ದಾಟಿಲ್ಲ, ಆದರೆ ವಾರ 48 ದಾಟಿದೆ. ನಾಲ್ಕು ಗಂಟೆ ಓಟಿ.

ಸಾಫ್ಟ್‌ವೇರ್ ಏನು ಮಾಡಿತು? ಒಂದನೇ ತಾರೀಕಿಗೆ ಎಣಿಕೆ ಸೊನ್ನೆ ಮಾಡಿಕೊಂಡಿತು. ಜುಲೈ ಪಾಲಿಗೆ 34 ಗಂಟೆ, ಆಗಸ್ಟ್ ಪಾಲಿಗೆ 18. ಎರಡೂ 48ರ ಒಳಗೆ. ಓಟಿ ಇಲ್ಲ! ಜುಲೈ ಚೀಟಿಯೂ ತನ್ನ ಮಟ್ಟಿಗೆ ಸರಿ ಕಾಣುತ್ತದೆ, ಆಗಸ್ಟ್‌ನದೂ ಸರಿ ಕಾಣುತ್ತದೆ. ಯಾವ ಒಂದು ತಿಂಗಳ ಶೀಟನ್ನು ಎಷ್ಟು ಸಲ ತಿರುವಿದರೂ ಈ ತಪ್ಪು ಸಿಗುವುದಿಲ್ಲ. ತಿಂಗಳು ಶನಿವಾರಕ್ಕೆ ಮುಗಿಯದ ಪ್ರತಿ ಸಲವೂ ಇದಕ್ಕೆ ಅವಕಾಶ ಇದೆ.

ಹಾಗಾಗಿ ತಪಾಸಣೆಯ ಶೀಟನ್ನು ಒಂದನೇ ತಾರೀಕಿನಿಂದ ಶುರು ಮಾಡಬೇಡಿ. ಹಿಂದಿನ ಭಾನುವಾರದಿಂದ ಶುರು ಮಾಡಿ. ಈ ನಾಲ್ಕು ಗಂಟೆ ಯಾವ ತಿಂಗಳಿಗೆ ಸೇರಬೇಕು ಅನ್ನುವ ಪ್ರಶ್ನೆ ಬಂದರೆ 48 ದಾಟಿದ ದಿನ ನೋಡಿ. ಶುಕ್ರವಾರದ ಹೊತ್ತಿಗೆ ಆತನದು 43 ಆಗಿತ್ತು, ದಾಟಿದ್ದು ಶನಿವಾರ ಆಗಸ್ಟ್ 2ರಂದು. ನಾಲ್ಕೂ ಗಂಟೆ ಆಗಸ್ಟ್‌ಗೇ. ಇದೇ ಕಾರಣಕ್ಕೆ ಆಗಸ್ಟ್ 31, ಭಾನುವಾರದ 8 ಗಂಟೆಗೆ ಪಗಾರ ಈ ತಿಂಗಳು ಕೊಟ್ಟರೂ, ಆ ವಾರದ ಓಟಿ ತೀರ್ಮಾನ ಸೆಪ್ಟೆಂಬರ್ 6ರ ನಂತರ.

ಎಲ್ಲಾ ವಾರ ಒಟ್ಟಿಗೆ ಇಟ್ಟರೆ ಹೀಗೆ:

| ವಾರ | ದುಡಿದ ಗಂಟೆ | ದಿನದ ಲೆಕ್ಕದ ಓಟಿ | ವಾರದ ಲೆಕ್ಕದ ಓಟಿ | ಕೊಡಬೇಕಾದ ಓಟಿ |
|---|---|---|---|---|
| ಜುಲೈ 27 – ಆಗಸ್ಟ್ 2 | 52 (ಆಗಸ್ಟ್‌ನವು 18) | 0 | 4 | 4 |
| ಆಗಸ್ಟ್ 3 – 9 | 51 | 1 | 3 | 3 |
| ಆಗಸ್ಟ್ 10 – 16 | 43 | 1 | 0 | 1 |
| ಆಗಸ್ಟ್ 17 – 23 | 49.5 | 0.5 | 1.5 | 1.5 |
| ಆಗಸ್ಟ್ 24 – 30 | 43 | 1 | 0 | 1 |
| ಆಗಸ್ಟ್ 31 | 8 | – | – | ಮುಂದಿನ ತಿಂಗಳು |

ಓಟಿ ಒಟ್ಟು 10.5 ಗಂಟೆ. ಸಾಮಾನ್ಯ 202. ರಜೆಯ ಎರಡು ದಿನಕ್ಕೆ 16. ಹಣ ಮಾಡಿದರೆ 18,180 ಮತ್ತು 1,890 ಮತ್ತು 1,440. ಒಟ್ಟು 21,510 ರೂಪಾಯಿ.

ವಾರ ಕತ್ತರಿಸಿದ ದೋಷದ ತೂಕ 4, ಅಂದರೆ 360 ರೂಪಾಯಿ. 6ರಲ್ಲಿ 4 ಹೋಗಿ 2 ಉಳಿಯಿತು.

ಉಳಿದ ಎರಡು ಗಂಟೆ ಡೈರಿಯಲ್ಲಿದೆ

ಈ 2 ಗಂಟೆಗೆ ಚೀಟಿಯ ಕಡೆ ಉತ್ತರ ಇಲ್ಲ. ಮೂರು ತಪ್ಪು ಸಿಕ್ಕಿದ ಮೇಲೆ ನಾಲ್ಕನೆಯದೂ ಆಫೀಸಿನದೇ ಇರಬೇಕು ಅಂತ ಅನ್ನಿಸುವುದು ಸಹಜ. ಅಲ್ಲಿ ನಿಲ್ಲಬಾರದು, ಡೈರಿಯನ್ನೂ ಅದೇ ಕಣ್ಣಿಂದ ನೋಡಬೇಕು.

ಆತ ಚಿಕ್ಕ ಪಾಕೆಟ್ ಡೈರಿಯಲ್ಲಿ ದಿನಾ ಎರಡು ಸಂಖ್ಯೆ ಬರೆಯುತ್ತಿದ್ದ. ಮೇಲೆ 8, ಕೆಳಗೆ ಮಿಕ್ಕದ್ದು. ಕೆಳಗಿನದೆಲ್ಲ ಓಟಿ ಅಂತ ತಿಂಗಳ ಕೊನೆಗೆ ಕೂಡಿಸಿದ್ದ. 12.5 ಬಂದಿತ್ತು. ನಿಜವಾದದ್ದು 10.5. "ಎಂಟು ತಾಸಿನ ಮ್ಯಾಲಿಂದೆಲ್ಲ ಓಟಿ ಅಲ್ಲೇನ್ರಿ?" ಅಂತ ಕೇಳಿದ. ಆರು ದಿನ ಎಂಟೆಂಟು ಗಂಟೆ ದುಡಿದ ವಾರದಲ್ಲಿ ಅದು ಹೆಚ್ಚುಕಡಿಮೆ ನಿಜವೇ. 48 ಅಲ್ಲಿಗೇ ತುಂಬುತ್ತದೆ, ಮೇಲಿನದೆಲ್ಲ ಓಟಿ. ಆಗಸ್ಟ್ 3ರ ವಾರ ಹಾಗೂ 17ರ ವಾರ ಆತನ ಲೆಕ್ಕ ಸರಿಯಾಗಿ ಕೂತದ್ದು ಅದಕ್ಕೇ. ಆದರೆ ರಜೆ ಬಂದ ವಾರ ಬೇರೆ. ಸ್ವಾತಂತ್ರ್ಯ ದಿನದ 8 ಗಂಟೆಗೆ ಪಗಾರ ಸಿಗುತ್ತದೆ, ಆದರೆ ಅದು ದುಡಿದ ಗಂಟೆ ಅಲ್ಲ. 48ಕ್ಕೆ ಸೇರುವುದಿಲ್ಲ. ಆ ವಾರ ದುಡಿದದ್ದು 43. ಹಾಗಾಗಿ ಒಂಬತ್ತೂವರೆ ಗಂಟೆಯ ದಿನ 9ರ ಮೇಲಿನ ಅರ್ಧ ಗಂಟೆ ಮಾತ್ರ ಓಟಿ, ಎಂಟರಿಂದ ಒಂಬತ್ತರ ನಡುವಿನ ಗಂಟೆ ಸಾಮಾನ್ಯ ದರದ್ದು. ಚೌತಿಯ ವಾರದಲ್ಲೂ ಹೀಗೇ. ಎರಡು ವಾರ ಸೇರಿ ಆತ ನಾಲ್ಕು ಗಂಟೆ ಜಾಸ್ತಿ ಓಟಿ ಬರೆದಿದ್ದ.

ನಾಲ್ಕು ಜಾಸ್ತಿ ಆದರೆ ವ್ಯತ್ಯಾಸ ಎರಡೇ ಯಾಕೆ? ಯಾಕೆಂದರೆ ಮೊದಲ ವಾರದಲ್ಲಿ ಆತ ತನಗೇ ನಷ್ಟ ಮಾಡಿಕೊಂಡಿದ್ದ. ಅಲ್ಲಿ ಸಿಗಬೇಕಾದ ಓಟಿ 4. ಆತ ಆಗಸ್ಟ್ 1 ಮತ್ತು 2ರ ಒಂದೊಂದು ಗಂಟೆ ಸೇರಿಸಿ 2 ಮಾತ್ರ ಬರೆದಿದ್ದ. ಡೈರಿಯೂ ಒಂದನೇ ತಾರೀಕಿಗೆ ಹೊಸ ಪುಟದಿಂದ ಶುರುವಾಗುತ್ತಿತ್ತು, ಸಾಫ್ಟ್‌ವೇರ್‌ನ ಹಾಗೆ. ನಾಲ್ಕರಲ್ಲಿ ಎರಡು ಹೋಗಿ ಎರಡು. 180 ರೂಪಾಯಿ. ಎದುರುಬದುರು ತಪ್ಪುಗಳು ಒಂದನ್ನೊಂದು ತಿಂದು ಚಿಕ್ಕದಾಗಿ ಕಾಣುವುದು ಹೀಗೆ. ಅದಕ್ಕೇ ಕೊನೆಯಲ್ಲಿ ಉಳಿದ ಚಿಲ್ಲರೆಯನ್ನು "ಇರಲಿ ಬಿಡಿ" ಅಂತ ಬಿಡಬಾರದು. ವಾರ ವಾರವಾಗಿ ಹೊಂದಿಸಿಯೇ ಮುಗಿಸಬೇಕು.

ಒಂದು ಮಾತು ಸ್ಪಷ್ಟ ಇರಲಿ. 9 ಮತ್ತು 48 ಅನ್ನುವುದು ಆ ಕಾಯ್ದೆಯ ಕನಿಷ್ಠ. ನೇಮಕ ಪತ್ರದಲ್ಲೋ ಒಪ್ಪಂದದಲ್ಲೋ 8 ಗಂಟೆಯ ಮೇಲಿನದ್ದೆಲ್ಲ ಓಟಿ ಅಂತ ಬರೆದಿದ್ದರೆ ಅದೇ ನಡೆಯುತ್ತದೆ. ಆಗ ದಿನದ ಮಿತಿ 8 ಇಟ್ಟು ಇಡೀ ಶೀಟನ್ನು ಮತ್ತೆ ಓಡಿಸಬೇಕು. ನಮ್ಮ ವೆಲ್ಡರ್‌ನ ಪತ್ರದಲ್ಲಿ ಅಂಥ ಮಾತು ಇರಲಿಲ್ಲ. ಮಿತಿಗಳನ್ನು ಸೂತ್ರದೊಳಗೆ ಹೂತಿಡದೆ ಬೇರೆ ಸೆಲ್‌ನಲ್ಲಿ ಇಟ್ಟುಕೊಳ್ಳಲು ಇನ್ನೊಂದು ಕಾರಣವೂ ಇದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅಲ್ಲಿಯೂ ಓಟಿಗೆ ಎರಡು ಪಟ್ಟಿಗಿಂತ ಕಡಿಮೆ ಇಲ್ಲ, ಆದರೆ ದಿನದ ಕೆಲಸ 8 ಗಂಟೆ ಅಂತ ಇದೆ. ಹಳೆಯ ತಿಂಗಳ ತಗಾದೆಗೆ ಹಳೆಯ ಮಿತಿ, ಹೊಸ ತಿಂಗಳಿಗೆ ಹೊಸ ಮಿತಿ. ಎರಡನ್ನೂ ಒಂದೇ ಶೀಟಿನಲ್ಲಿ ಓಡಿಸಲು ಹೋದರೆ ಇನ್ನೊಂದು ದೋಷ ತಯಾರಾಗುತ್ತದೆ.

ಬಾಕಿ ಸೇರಿಸುವಾಗ

ಕೊಡಬೇಕಾದ ಬಾಕಿ 1,566 ರೂಪಾಯಿ: 216, 990, 360. ಇದನ್ನು ಸೆಪ್ಟೆಂಬರ್ ಚೀಟಿಯಲ್ಲಿ ಹೇಗೆ ತೋರಿಸಬೇಕು ಅನ್ನುವುದೂ ದೋಷ ನಿವಾರಣೆಯ ಭಾಗವೇ. ಸಾಮಾನ್ಯವಾಗಿ ಸಿಗುವ ಅಡ್ಡದಾರಿ ಅಂದರೆ, ಬಿಟ್ಟುಹೋದ ಒಂಬತ್ತೂವರೆ ಗಂಟೆಯನ್ನು ಸೆಪ್ಟೆಂಬರ್‌ನ ಯಾವುದೋ ದಿನದ ಹಾಜರಿಗೆ ತುರುಕುವುದು. ಹಾಗೆ ಮಾಡಿದರೆ ಆ ದಿನ 17.5 ಗಂಟೆ ಆಗುತ್ತದೆ. ಸೂತ್ರ ಅದರಲ್ಲಿ ಎಂಟೂವರೆ ಗಂಟೆಯನ್ನು ಓಟಿ ಅಂತ ಹಿಡಿದು ಎರಡು ಪಟ್ಟು ಕೊಡುತ್ತದೆ. ಜೊತೆಗೆ ಹಾಜರಿ ಪುಸ್ತಕದಲ್ಲಿ ಒಬ್ಬ ಮನುಷ್ಯ ಒಂದೇ ದಿನ ಹದಿನೇಳೂವರೆ ಗಂಟೆ ದುಡಿದ ಸುಳ್ಳು ದಾಖಲೆ ಉಳಿಯುತ್ತದೆ. ನಿರೀಕ್ಷಕರು ಬಂದಾಗ ಅದಕ್ಕೆ ಉತ್ತರ ಕೊಡುವುದು ಕಷ್ಟ.

ಸರಿಯಾದ ದಾರಿ ಎರಡು ಕೆಲಸದ್ದು. ಆಗಸ್ಟ್ 20ರ ಹಾಜರಿಯನ್ನು ಸೂಪರ್‌ವೈಸರ್ ಸಹಿಯೊಂದಿಗೆ ಆಗಸ್ಟ್‌ನಲ್ಲೇ ತಿದ್ದಬೇಕು. ಹಣವನ್ನು ಸೆಪ್ಟೆಂಬರ್ ಚೀಟಿಯಲ್ಲಿ "ಆಗಸ್ಟ್ ಬಾಕಿ" ಅನ್ನುವ ಬೇರೆ ಸಾಲಿನಲ್ಲಿ, ಗಂಟೆ ಇಲ್ಲದೆ ಬರೀ ರೂಪಾಯಿಯಾಗಿ ಕೊಡಬೇಕು. ಇದರಲ್ಲಿ ಪಿಎಫ್‌ಗೆ ಸೇರುವುದು ಸಾಮಾನ್ಯ ಗಂಟೆಯ ಭಾಗ, ಓಟಿಯ ಭಾಗ ಅಲ್ಲ. ಆದ್ದರಿಂದ ಆ ಸಾಲನ್ನೂ ಎರಡಾಗಿ ಒಡೆಯಬೇಕಾಗುತ್ತದೆ. ಕೊಟ್ಟದ್ದು 198 ಸಾಮಾನ್ಯ, 3.8 ಓಟಿ. ಕೊಡಬೇಕಿದ್ದದ್ದು 202 ಮತ್ತು 10.5. ಅಂದರೆ ಸಾಮಾನ್ಯ 4 ಗಂಟೆಗೆ 360, ಓಟಿ 6.7 ಗಂಟೆಗೆ 1,206. ಇಲ್ಲಿನ 360, ವಾರ ಕತ್ತರಿಸಿದ ದೋಷದ 360 ಎರಡೂ ಒಂದೇ ಮೊತ್ತ ಆಗಿರುವುದು ಕಾಕತಾಳೀಯ. ಅದನ್ನು ಇದಕ್ಕೆ ಹೊಂದಿಸಲು ಹೋಗಬೇಡಿ.

ಕೊನೆಗೆ ಜುಲೈ ಮತ್ತು ಅದಕ್ಕೂ ಹಿಂದಿನ ತಿಂಗಳುಗಳ ರಿಪೋರ್ಟ್ ತೆರೆದು `MIS` ಇರುವ ಸಾಲುಗಳನ್ನೂ, .30 ಇರುವ ಸೆಲ್‌ಗಳನ್ನೂ ಫಿಲ್ಟರ್ ಮಾಡಿ ನೋಡಿ. ಇವು ಒಬ್ಬ ವೆಲ್ಡರ್‌ನ ಚೀಟಿಯಲ್ಲಿ ಮಾತ್ರ ಇರುವ ತಪ್ಪುಗಳಲ್ಲ. ಅದೇ ಮಷೀನ್, ಅದೇ ಶೀಟ್ ಬಳಸಿದ ಎಲ್ಲರ ಪಗಾರದಲ್ಲೂ ಇರುತ್ತವೆ.